ಮೊದಲ ಪೂಜೆ ಬೆನಕನಿಗೇ ಏಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಪೂಜೆಗೆ ಕೂತಾಗ ಮಕ್ಕಳು ಕೇಳುವ, ದೊಡ್ಡವರು ಕೇಳಲು ಸಂಕೋಚಪಡುವ ಪ್ರಶ್ನೆಗಳು ಇವು. ನಮ್ಮ ಮನೆಯಲ್ಲಿ ಯಾವ ಕೆಲಸ ಶುರುವಾಗಬೇಕಾದರೂ ಅಜ್ಜಿ ಮೊದಲು ಹುಡುಕುತ್ತಿದ್ದದ್ದು ಅರಿಶಿನದ ಡಬ್ಬಿ. ಅದರಿಂದ ಹೆಬ್ಬೆರಳುದ್ದದ ಒಂದು ಬೆನಕ ಎದ್ದು ನಿಂತ ಮೇಲೆಯೇ ಮುಂದಿನ ಮಾತು. ಆ ಪುಟ್ಟ ಬೆನಕನನ್ನು ಎದುರಿಗಿಟ್ಟುಕೊಂಡೇ ಈ ಉತ್ತರಗಳನ್ನು ಬರೆದಿದ್ದೇನೆ.

ಅಷ್ಟೊಂದು ದೇವರುಗಳಿರುವಾಗ ಮೊದಲ ಪೂಜೆ ಗಣಪತಿಗೇ ಏಕೆ?

ಅಪ್ಪ ಅಮ್ಮನನ್ನು ಮೂರು ಸುತ್ತು ಸುತ್ತಿ ಲೋಕವನ್ನೇ ಸುತ್ತಿದ ಫಲ ಪಡೆದ, ಅದಕ್ಕೆ ಅಗ್ರಪೂಜೆ ಸಿಕ್ಕಿತು ಎಂಬ ಕಥೆಯನ್ನು ಎಲ್ಲರೂ ಕೇಳಿರುತ್ತೇವೆ. ಕಥೆ ಚೆಂದವಿದೆ. ಆದರೆ ಪೂಜೆಯ ಸಂಕಲ್ಪದಲ್ಲಿ ನಾವು ಹೇಳುವ ಕಾರಣ ಬೇರೆ: 'ನಿರ್ವಿಘ್ನತಾ ಸಿದ್ಧ್ಯರ್ಥಂ'. ಈ ಕೆಲಸಕ್ಕೆ ವಿಘ್ನ ಬಾರದಿರಲಿ ಎಂದು. ವಿಘ್ನದ ವಿಚಾರ ಮಾತಾಡಬೇಕಾದರೆ ಅದರ ಒಡೆಯನ ಹತ್ತಿರವೇ ಮಾತಾಡಬೇಕು. ಆ ಒಡೆಯ ಗಣಪತಿ.

ಇದು ಇವತ್ತಿನ ಮಾತಲ್ಲ. ಯಾಜ್ಞವಲ್ಕ್ಯ ಸ್ಮೃತಿಯ ಆಚಾರಾಧ್ಯಾಯದಲ್ಲಿ 'ವಿನಾಯಕ ಶಾಂತಿ' ಎಂಬ ಭಾಗವಿದೆ. ಕೆಲಸಗಳಿಗೆ ವಿಘ್ನ ಒಡ್ಡುವುದಕ್ಕಾಗಿಯೇ ರುದ್ರನೂ ಬ್ರಹ್ಮನೂ ವಿನಾಯಕನನ್ನು ನೇಮಿಸಿ, ಗಣಗಳ ಒಡೆತನ ಕೊಟ್ಟರು ಎಂದು ಅದು ಶುರುವಾಗುತ್ತದೆ. ಅವನ ಹಿಡಿತಕ್ಕೆ ಸಿಕ್ಕವರ ಪಾಡನ್ನೂ ಹೇಳುತ್ತದೆ: ರಾಜನ ಮಗನಿಗೆ ರಾಜ್ಯ ದಕ್ಕುವುದಿಲ್ಲ, ಕನ್ಯೆಗೆ ಗಂಡು ಕೂಡಿಬರುವುದಿಲ್ಲ, ಶಿಷ್ಯನಿಗೆ ಓದು ಹತ್ತುವುದಿಲ್ಲ, ವ್ಯಾಪಾರಿಗೆ ಲಾಭವಿಲ್ಲ, ರೈತನಿಗೆ ಬೆಳೆ ಕೈಗೆ ಬರುವುದಿಲ್ಲ. ಈ ಪಟ್ಟಿಯನ್ನು ಓದಿದಾಗಲೆಲ್ಲ ನನಗೆ ಅನ್ನಿಸುವುದು, ಇವತ್ತಿಗೂ ಜನ ಗಣಪತಿ ಗುಡಿಯಲ್ಲಿ ಕಾಯಿ ಒಡೆಸಿ ಬೇಡಿಕೊಳ್ಳುವುದು ಹೆಚ್ಚುಕಡಿಮೆ ಇದೇ ಐದು ವಿಷಯಗಳಿಗೆ.

ಈ ಸ್ಮೃತಿಗೆ ಅತಿ ಹೆಸರಾದ ವ್ಯಾಖ್ಯಾನ 'ಮಿತಾಕ್ಷರಾ' ಹುಟ್ಟಿದ್ದು ನಮ್ಮ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ಕಾಲದಲ್ಲಿ. ಬರೆದವನು ವಿಜ್ಞಾನೇಶ್ವರ.

ಹಾಗಾದರೆ ವಿಘ್ನ ಕೊಡುವವನೂ ಅವನೇ, ಕಳೆಯುವವನೂ ಅವನೇ ಎಂದಾಯಿತಲ್ಲ?

ಹೌದು. 'ವಿಘ್ನೇಶ್ವರ' ಎಂಬ ಹೆಸರನ್ನು ಮೆಲ್ಲಗೆ ಬಿಡಿಸಿ ಓದಿ. ವಿಘ್ನದ ಈಶ್ವರ. 'ವಿಘ್ನಹರ' ಅವನ ಇನ್ನೊಂದು ಹೆಸರು. ಎರಡೂ ಒಬ್ಬನವೇ.

ಗೋಕರ್ಣದ ಕಥೆಯಲ್ಲಿ ಇದು ಕಣ್ಣಿಗೆ ಕಟ್ಟುವಂತಿದೆ. ಶಿವನಿಂದ ಆತ್ಮಲಿಂಗ ಪಡೆದು ಲಂಕೆಗೆ ಹೊರಟ ರಾವಣ ಸಂಧ್ಯಾವಂದನೆಗೆಂದು ನಿಲ್ಲುತ್ತಾನೆ. ಲಿಂಗವನ್ನು ನೆಲಕ್ಕಿಡುವ ಹಾಗಿಲ್ಲ. ದನ ಕಾಯುವ ಹುಡುಗನ ವೇಷದಲ್ಲಿ ಬಂದ ಗಣಪತಿಯ ಕೈಗೆ ಕೊಡುತ್ತಾನೆ. ಹುಡುಗ, 'ಭಾರ ತಡೆಯಲಾಗದಿದ್ದರೆ ಮೂರು ಸಲ ಕೂಗುತ್ತೇನೆ, ಬಾರದಿದ್ದರೆ ಕೆಳಗಿಡುತ್ತೇನೆ' ಎನ್ನುತ್ತಾನೆ. ರಾವಣ ಅರ್ಘ್ಯದ ನಡುವೆ ಇರುವಾಗಲೇ ಮೂರೂ ಕೂಗು ಮುಗಿದುಹೋಗುತ್ತವೆ. ಲಿಂಗ ನೆಲಕ್ಕೆ ತಾಗಿ ಅಲ್ಲೇ ಊರುತ್ತದೆ. ಸಿಟ್ಟಿಗೆದ್ದ ರಾವಣ ಹುಡುಗನ ತಲೆಗೆ ಗುದ್ದುತ್ತಾನೆ. ಗೋಕರ್ಣದ ಮಹಾಗಣಪತಿಯ ನೆತ್ತಿಯ ಮೇಲಿನ ಗುರುತು ಆ ಪೆಟ್ಟಿನದೇ ಎಂದು ತೋರಿಸುತ್ತಾರೆ. ಇಲ್ಲಿ ಗಣಪತಿ ಯಾವ ವಿಘ್ನವನ್ನೂ ಕಳೆಯಲಿಲ್ಲ, ವಿಘ್ನವನ್ನು ಮಾಡಿದ. ಅದರಿಂದಲೇ ಲೋಕಕ್ಕೆ ಒಳ್ಳೆಯದಾಯಿತು. ಇಂದಿಗೂ ಅಲ್ಲಿ ಮಹಾಬಲೇಶ್ವರನ ದರ್ಶನಕ್ಕೆ ಮುಂಚೆ ಮಹಾಗಣಪತಿಗೆ ಕೈಮುಗಿಯುವುದು ರೂಢಿ.

ತಮಿಳುನಾಡಿನ ಅಚ್ಚರಪಾಕ್ಕಂ ಎಂಬ ಊರಿನ ಸ್ಥಳಪುರಾಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ತ್ರಿಪುರ ಸಂಹಾರಕ್ಕೆ ಹೊರಟ ಶಿವ ಗಣಪತಿಯನ್ನು ನೆನೆಯಲು ಮರೆತ, ರಥದ ಅಚ್ಚು ಮುರಿಯಿತು. ನಮ್ಮ ಗಾಡಿಯ ಅಚ್ಚೇ ತಮಿಳರ ಅಚ್ಚೂ. ಊರಿನ ಹೆಸರಲ್ಲೇ ಅದು ಕೂತಿದೆ. ಹೆತ್ತ ಅಪ್ಪನಿಗೂ ವಿನಾಯಿತಿ ಸಿಗಲಿಲ್ಲ.

ಆನೆಯ ತಲೆಯೇ ಏಕೆ?

ಕಥೆಯನ್ನು ಮತ್ತೊಮ್ಮೆ ನೆನೆಯೋಣ. ಪಾರ್ವತಿ ಮೀಯಲು ಹೊರಟಾಗ ಮೈಯ ಮಣ್ಣನ್ನು ಉಜ್ಜಿ ತೆಗೆದು ಒಬ್ಬ ಹುಡುಗನನ್ನು ಮಾಡಿ ಬಾಗಿಲಿಗೆ ಕಾವಲು ನಿಲ್ಲಿಸಿದಳು. ಶಿವನನ್ನೇ ಅವನು ಹೊಸಿಲಾಚೆ ತಡೆದ. ತಲೆ ಹೋಯಿತು, ಆನೆಯ ತಲೆ ಬಂತು. ಈ ಕಥೆಯಲ್ಲಿ ನಾವು ತಲೆಯನ್ನಷ್ಟೇ ನೋಡುತ್ತೇವೆ, ಬಾಗಿಲನ್ನು ಮರೆಯುತ್ತೇವೆ. ಗಣಪತಿಯ ಮೊಟ್ಟಮೊದಲ ಕೆಲಸ ಬಾಗಿಲು ಕಾಯುವುದು. ಅವನು ಮಾಡಿದ ಮೊದಲ ವಿಘ್ನ ಹೊಸಿಲಿನಲ್ಲಿ ನಡೆಯಿತು. ಒಳಗೆ ಹೋಗಬೇಕಾದವರು ಬಾಗಿಲಲ್ಲಿ ನಿಂತವನನ್ನು ಮೊದಲು ಮಾತಾಡಿಸಲೇಬೇಕು. ಬಾಗಿಲ ಮೇಲಿನ ದಾರಂದದಲ್ಲಿ ಗಣಪತಿಯನ್ನು ಕೆತ್ತಿಸುವುದೂ, ಕೆಲಸದ ಹೊಸಿಲಲ್ಲಿ ಅವನನ್ನು ನೆನೆಯುವುದೂ ನನ್ನ ಮಟ್ಟಿಗೆ ಒಂದೇ.

ಇನ್ನು ಆನೆ. 'ಆನೆ ನಡೆದದ್ದೇ ದಾರಿ' ಎಂಬ ಗಾದೆ ಬರಿಯ ದರ್ಪದ ಮಾತಲ್ಲ. ಕಾಡಂಚಿನವರನ್ನು ಕೇಳಿ. ಬಿದಿರು ಮೆಳೆ, ಲಂಟಾನಾ ಪೊದೆಗಳನ್ನು ಮುರಿದು ಆನೆಗಳು ಓಡಾಡಿದ ಜಾಡಿನಲ್ಲೇ ಜಿಂಕೆ ಕಡವೆಗಳೂ ಕೆರೆಗೆ ಇಳಿಯುತ್ತವೆ, ಮನುಷ್ಯರೂ ನಡೆಯುತ್ತಾರೆ. ಅದೇ ಆನೆ ರಸ್ತೆಗೆ ಅಡ್ಡ ನಿಂತರೆ ಬಸ್ಸು, ಲಾರಿ ಎಲ್ಲವೂ ಸಾಲಾಗಿ ಕಾಯಬೇಕು, ಹಾರ್ನ್ ಹೊಡೆಯುವ ಹಾಗೂ ಇಲ್ಲ. ಅದು ತಾನಾಗಿ ಸರಿದಾಗಲೇ ದಾರಿ. ತಡೆಯುವುದೂ ತೆರೆಯುವುದೂ ಒಂದೇ ಮೈಯಲ್ಲಿ ಇರುವ ಪ್ರಾಣಿ ಇನ್ನೊಂದಿಲ್ಲ. ವಿಘ್ನದ ಒಡೆಯನಿಗೆ ಈ ಮುಖಕ್ಕಿಂತ ಹೊಂದುವ ಮುಖ ನನಗೆ ತೋಚುವುದಿಲ್ಲ.

ಸೊಂಡಿಲನ್ನೂ ಹತ್ತಿರದಿಂದ ನೋಡಬೇಕು. ಮರವನ್ನು ಕಿತ್ತು ಎಳೆಯುವ ಅದೇ ಸೊಂಡಿಲಿನ ತುದಿಯಲ್ಲಿ ನಮ್ಮ ಆನೆಗಳಿಗೆ ಬೆರಳಿನಂಥ ಒಂದು ಚಾಚು ಇರುತ್ತದೆ. ಅದರಿಂದ ನೆಲದ ಮೇಲಿನ ಒಂದು ಕಡಲೆಬೀಜವನ್ನೂ ಹೆಕ್ಕುತ್ತದೆ. ಕಿವಿಗೆ 'ಶೂರ್ಪಕರ್ಣ' ಎಂದು ಹೆಸರು, ಮೊರದಂಥ ಕಿವಿಯವನು. ಮೊರ ಗಾಳಿಸುವುದು ಜೊಳ್ಳನ್ನು ಹಾರಿಸಿ ಕಾಳನ್ನು ಉಳಿಸಲು. ಕೇಳಿದ್ದರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೆ ಅದು ಸಂಕೇತ ಎಂದು ಹಿರಿಯರು ಹೇಳುತ್ತಾರೆ. ಗೌರಿ ಹಬ್ಬದ ಬಾಗಿನದ ಮೊರವನ್ನು ಕೈಯಲ್ಲಿ ಹಿಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕೈಯಲ್ಲಿ ಹಗ್ಗ, ಅಂಕುಶ ಯಾಕೆ?

ಹಂಪಿಗೆ ಹೋದಾಗ ಹೇಮಕೂಟದ ತಪ್ಪಲಲ್ಲಿರುವ ಸಾಸಿವೆಕಾಳು ಗಣಪತಿಯ ಎದುರು ಸ್ವಲ್ಪ ಹೊತ್ತು ನಿಲ್ಲಿ. ಒಂದೇ ಬಂಡೆಯ, ಸುಮಾರು ಎಂಟು ಅಡಿ ಎತ್ತರದ ಮೂರ್ತಿ. ಅಲ್ಲಿನ ಶಾಸನದ ಪ್ರಕಾರ 1506ರಲ್ಲಿ ಚಂದ್ರಗಿರಿಯ ವ್ಯಾಪಾರಿಯೊಬ್ಬ ಮಾಡಿಸಿದ್ದು. ಕೈಗಳಲ್ಲಿ ಅಂಕುಶ, ಪಾಶ, ಮುರಿದ ದಂತ ಕಾಣುತ್ತವೆ. ಹೊಟ್ಟೆಗೆ ಹಾವಿನ ಪಟ್ಟಿ.

ಪಾಶ, ಅಂಕುಶ ಎರಡೂ ಮಾವುತನ ಸಾಮಾನುಗಳು. ಹಗ್ಗ ಆನೆಯನ್ನು ಕಟ್ಟಲು, ಅಂಕುಶ ನಿಂತದ್ದನ್ನು ನಡೆಸಲು, ನುಗ್ಗುವುದನ್ನು ನಿಲ್ಲಿಸಲು. ಆನೆಯನ್ನು ಪಳಗಿಸುವ ಉಪಕರಣಗಳು ಆನೆಯದೇ ಕೈಯಲ್ಲಿವೆ! ಇವನಿಗೆ ಬೇರೆ ಮಾವುತನಿಲ್ಲ. ಬಲ ಯಾರದೋ ಹಿಡಿತವೂ ಅವನದೇ. ಹೊಸ ಕೆಲಸಕ್ಕೆ ಇಳಿಯುವವನಿಗೆ ಬೇಕಾದದ್ದೂ ಈ ಎರಡೇ: ಹುರುಪು ಹೆಚ್ಚಾದಾಗ ತಡೆದುಕೊಳ್ಳುವುದು, ಕೂತುಬಿಟ್ಟಾಗ ತನ್ನನ್ನು ತಾನೇ ಚುಚ್ಚಿ ಎಬ್ಬಿಸುವುದು.

ಹಾಗೆಯೇ ಮೂರ್ತಿಯ ಹಿಂದೆಯೂ ಹೋಗಿ ನೋಡಿ. ಹೆಚ್ಚಿನವರು ಎದುರಿಗೆ ಫೋಟೋ ತೆಗೆದು ಹೊರಟುಬಿಡುತ್ತಾರೆ. ಬೆನ್ನ ಕಡೆಯಿಂದ ಕಾಣುವುದು ಹೆಂಗಸಿನ ಆಕೃತಿ, ಜಡೆ ಸಮೇತ. ಮಗ ಕೂತಿರುವುದು ತಾಯಿಯ ಮಡಿಲಲ್ಲಿ.

ಒಂದು ದಂತ ಮುರಿದದ್ದು ಹೇಗೆ?

ಪರಶುರಾಮನ ಕೊಡಲಿಯಿಂದ ಎಂಬುದು ಒಂದು ಕಥೆ. ಶಿವ ಮಲಗಿದ್ದಾಗ ಇವನು ಮತ್ತೆ ಬಾಗಿಲು ಕಾಯುತ್ತಿದ್ದ. ಪರಶುರಾಮ ಎಸೆದ ಕೊಡಲಿ ಅಪ್ಪನೇ ಕೊಟ್ಟದ್ದು, ಅದು ವ್ಯರ್ಥವಾಗಬಾರದೆಂದು ದಂತವನ್ನು ಒಡ್ಡಿದ. ಇನ್ನೊಂದು, ಮಹಾಭಾರತ ಬರೆಯುವಾಗ ಲೇಖನಿ ಮುರಿದು ದಂತವನ್ನೇ ಕಿತ್ತು ಬರೆದ ಎಂಬುದು. ಮಹಾಭಾರತದಲ್ಲಿ ಗಣಪತಿ ಲಿಪಿಕಾರನಾಗುವ ಪ್ರಸಂಗ ಹಲವು ಪ್ರತಿಗಳಲ್ಲಿ ಇದೆ, ಪುಣೆಯ ಭಂಡಾರ್ಕರ್ ಸಂಸ್ಥೆಯ ಪರಿಷ್ಕೃತ ಆವೃತ್ತಿಯ ಮೂಲಪಾಠದಲ್ಲಿ ಇಲ್ಲ. ಅದು ಇರುವ ಪ್ರತಿಗಳಲ್ಲೂ ದಂತದ ಮಾತು ಬರುವುದಿಲ್ಲ. ಅಲ್ಲಿರುವುದು ಒಪ್ಪಂದ: 'ನನ್ನ ಲೇಖನಿ ನಿಲ್ಲಬಾರದು' ಎಂದು ಗಣಪತಿ, 'ಅರ್ಥವಾಗದೆ ಬರೆಯಬಾರದು' ಎಂದು ವ್ಯಾಸರು. ಬರವಣಿಗೆಗೆ ಕೂರುವ ಮುನ್ನ ಕಾಗದದ ನೆತ್ತಿಯ ಮೇಲೆ ಅವನ ಹೆಸರು ಬರೆಯುವ ನಮಗೆ ಈ ಎರಡು ಷರತ್ತುಗಳು ಸಾಕು.

ಸೊಂಡಿಲು ಎಡಕ್ಕಿರಬೇಕೋ ಬಲಕ್ಕೋ?

ಮನೆಗೆ ಎಡಮುರಿ ಸಾಕು ಎಂಬುದು ರೂಢಿ. ಬಲಮುರಿಗೆ ಕಟ್ಟುನಿಟ್ಟಿನ ಆಚರಣೆ ಬೇಕು ಎಂದು ನಂಬುತ್ತಾರೆ. ಹಳೆಯ ಕಲ್ಲಿನ ಮೂರ್ತಿಗಳಲ್ಲಿ ಸೊಂಡಿಲು ಹೆಚ್ಚಾಗಿ ಎಡಕ್ಕೇ ಹೊರಳಿರುತ್ತದೆ. ಎಡಗೈಯಲ್ಲಿ ಮೋದಕವಿದೆ, ಸೊಂಡಿಲು ಅದರತ್ತ ಹೋಗಿದೆ, ಅಷ್ಟೇ. ಮನೆಯಲ್ಲಿ ಬಲಮುರಿ ಇದ್ದರೆ ಹೆದರಿ ತೆಗೆದುಹಾಕಬೇಡಿ.

ಇಲಿ?

ಇಲಿ ಮೊದಲಿನಿಂದಲೂ ಜೊತೆಗಿದ್ದದ್ದಲ್ಲ. ಇಡಗುಂಜಿಯ ಗಣಪತಿಯನ್ನೇ ನೋಡಿ: ಎರಡೇ ಕೈ, ನಿಂತ ಭಂಗಿ, ಕೈಯಲ್ಲಿ ಮೋದಕ, ಇಲಿ ಇಲ್ಲ. ಆಮೇಲೆ ಬಂದ ಇಲಿಯ ಅರ್ಥ ಕಣಜ ಇದ್ದ ಮನೆಯವರಿಗೆ ಗೊತ್ತು. ವರ್ಷದ ದುಡಿಮೆಯನ್ನು ಸದ್ದಿಲ್ಲದೆ ಕೊರೆಯುವ ವಿಘ್ನ ಅದು. ಕೊಲ್ಲದೆ, ಓಡಿಸದೆ, ಕಾಲ ಕೆಳಗೆ ಇಟ್ಟುಕೊಂಡಿದ್ದಾನೆ.

ಮನೆಯಲ್ಲಿ ಬೆಳ್ಳಿಯ ಗಣಪತಿ ಇದ್ದರೂ ಅರಿಶಿನದ ಬೆನಕನನ್ನೇ ಏಕೆ ಮಾಡುತ್ತಾರೆ?

ಆ ಬೆಳ್ಳಿಯವನು ಮನೆಯವನು, ಯಾವಾಗಲೂ ಇರುವವನು. ಈ ಬೆನಕ ಈ ಒಂದು ಕೆಲಸಕ್ಕಾಗಿ ಬರುವವನು, ಕೆಲಸ ಸುಸೂತ್ರವಾಗಿ ಶುರುವಾದ ಮೇಲೆ ಹೋಗುವವನು. ಜೊತೆಗೆ, ಪಾರ್ವತಿ ಮೈಯ ಅರಿಶಿನದಿಂದಲೇ ಮಗನನ್ನು ಮಾಡಿದಳು ಎಂದು ನಮ್ಮ ಹಳ್ಳಿಗಳ ಕಥೆಯಲ್ಲಿದೆ. ಅರಿಶಿನ ಕಲಸಿ ಬೆನಕನನ್ನು ಮಾಡುವವಳು ಅವಳ ಕೆಲಸವನ್ನೇ ಮತ್ತೆ ಮಾಡುತ್ತಾಳೆ. ಹೊಲ, ಕಣದ ಪೂಜೆಗೆ ಅರಿಶಿನದ ಬದಲು ಸಗಣಿಯ ಬೆನಕ. ವಿನಾಯಕ ಎಂಬುದೇ ಕನ್ನಡದ ಬಾಯಲ್ಲಿ ಬೆನಕ, ಬೆನವ ಆಯಿತು.

ಮಾಡುವ ಬಗೆ ಸುಲಭ, ತಪ್ಪುವುದೂ ಸುಲಭ. ಎರಡು ಚಮಚ ಅರಿಶಿನ ಪುಡಿಗೆ ನೀರನ್ನು ಹನಿಹನಿಯಾಗಿ ಹಾಕಬೇಕು. ಸುರಿದರೆ ಕೆಟ್ಟಿತು. ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ, ಹಿಸುಕಿದರೆ ಬೆರಳ ಗುರುತು ಉಳಿಯುವಂತಿದ್ದರೆ ಹದ ಬಂತು. ಬೆರಳಿಗೆ ಅಂಟಿದರೆ ನೀರು ಹೆಚ್ಚಾಗಿದೆ, ಇನ್ನಷ್ಟು ಪುಡಿ ಸೇರಿಸಿ. ಬಿರುಕು ಬಿಟ್ಟರೆ ಒಂದೆರಡು ಹನಿ ಸಾಕು. ನಮ್ಮ ಅಜ್ಜಿ ಮೂರು ಬೆರಳಲ್ಲಿ ಒತ್ತಿ ಗೋಪುರದಂತೆ ಎತ್ತುತ್ತಿದ್ದರು. ಅವರ ಬೆನಕನಿಗೆ ಮೂರು ಏಣು ಇರುತ್ತಿತ್ತು. ಕಣ್ಣು, ಸೊಂಡಿಲು ಏನೂ ಬಿಡಿಸುತ್ತಿರಲಿಲ್ಲ. ವೀಳ್ಯದೆಲೆಯ ಮೇಲೆ ಒಂದು ಹಿಡಿ ಅಕ್ಕಿ, ಅದರ ಮೇಲೆ ಬೆನಕ, ಒದ್ದೆ ಇರುವಾಗಲೇ ನೆತ್ತಿಗೆ ಗರಿಕೆ ಚುಚ್ಚಿ ಕುಂಕುಮವಿಟ್ಟರೆ ಆಯಿತು. ಒಣಗಿದ ಮೇಲೆ ಚುಚ್ಚಿದರೆ ಸೀಳುತ್ತದೆ. ಆವಾಹನೆಗೆ ಮುಂಚೆ ವಾಲಿದರೆ ಮತ್ತೆ ಕಟ್ಟಬಹುದು. ಆವಾಹನೆ ಆದ ಮೇಲೆ ಮುಟ್ಟಿ ತಿದ್ದಬಾರದು.

ಆ ಪೂಜೆಯ ಕ್ರಮ ಹೇಗೆ? ಒಂದು ಉದಾಹರಣೆ ಕೊಡಿ.

ಮನೆಯಲ್ಲಿ ಸತ್ಯನಾರಾಯಣ ಪೂಜೆ ಇದೆ ಎಂದುಕೊಳ್ಳಿ. ದೀಪ ಹಚ್ಚಿ, ಆಚಮನ ಮಾಡಿ, 'ಶುಕ್ಲಾಂಬರಧರಂ' ಹೇಳುತ್ತ ಹಣೆಯ ಎರಡೂ ಬದಿಗೆ ಮುಷ್ಟಿಯಿಂದ ಮೆಲ್ಲಗೆ ಕುಟ್ಟಿಕೊಳ್ಳುತ್ತೇವೆ. ಪ್ರಾಣಾಯಾಮ ಆದ ಮೇಲೆ ಸಂಕಲ್ಪ: ಇಂಥ ಸಂವತ್ಸರ, ಮಾಸ, ತಿಥಿಯಲ್ಲಿ ಸತ್ಯನಾರಾಯಣ ಪೂಜೆಯನ್ನು ಮಾಡುತ್ತೇನೆ, 'ಆದೌ ನಿರ್ವಿಘ್ನತಾ ಸಿದ್ಧ್ಯರ್ಥಂ ಮಹಾಗಣಪತಿ ಪೂಜಾಂ ಕರಿಷ್ಯೇ'. ಗಮನಿಸಿ, ದೊಡ್ಡ ಪೂಜೆಯ ಹೆಸರು ಮೊದಲು ಬಂತು. ಯಾವ ಕೆಲಸ ಎಂದು ಹೇಳದೆ ಬರಿದೇ 'ವಿಘ್ನ ಕಳೆ' ಎಂದು ಕೇಳುವ ಹಾಗಿಲ್ಲ.

ಆಮೇಲೆ ಅಕ್ಷತೆ ಹಾಕಿ ಬೆನಕನಲ್ಲಿ ಆವಾಹನೆ. ಆಸನ, ಪಾದ್ಯ, ಅರ್ಘ್ಯ, ಗಂಧ, ಹೂವು. ಸುಮುಖ, ಏಕದಂತ, ಕಪಿಲ, ಗಜಕರ್ಣಕ ಎಂದು ಹೆಸರು ಹೇಳುತ್ತ ಗರಿಕೆ ಏರಿಸುವುದು. ಬೆಲ್ಲ, ತೆಂಗಿನಕಾಯಿಯ ನೈವೇದ್ಯ. ಮಂಗಳಾರತಿ ಆದ ಮೇಲೆ ಅಕ್ಷತೆ ಹಾಕಿ 'ಯಥಾಸ್ಥಾನಂ' ಎಂದು ಬೀಳ್ಕೊಟ್ಟು, ಎಲೆಯ ಸಮೇತ ಬೆನಕನನ್ನು ಉತ್ತರದ ಕಡೆಗೆ ಒಂದಿಷ್ಟು ಸರಿಸುತ್ತಾರೆ. ಕೆಲವು ಮನೆಗಳಲ್ಲಿ ಪೂರ್ತಿ ಪೂಜೆ ಮುಗಿದ ಮೇಲೆ ಈ ವಿಸರ್ಜನೆ. ನಿಮ್ಮ ಮನೆಯ ಪದ್ಧತಿ ಯಾವುದೋ ಅದೇ ಸರಿ. 'ಪುನರಾಗಮನಾಯ ಚ' ಎಂದು ಹೇಳಲು ಮರೆಯಬೇಡಿ, ಮತ್ತೆ ಬಾ ಎಂದು ಕರೆಯದೆ ಯಾರನ್ನೂ ಕಳಿಸುವುದಿಲ್ಲ. ಮರುದಿನ ಬೆನಕನನ್ನು ನೀರಿನಲ್ಲಿ ಕದಡಿ ತುಳಿಯದ ಜಾಗದಲ್ಲಿ ಗಿಡದ ಬುಡಕ್ಕೆ ಹಾಕಿದರಾಯಿತು.

ಗರಿಕೆಯೇ ಏಕೆ?

ಬೆಂಕಿಯಂಥ ಅನಲಾಸುರನನ್ನು ನುಂಗಿ ಹೊಟ್ಟೆ ಉರಿದಾಗ ಗರಿಕೆಯಿಂದ ತಂಪಾಯಿತು ಎಂದು ಕಥೆ. ಆದರೆ ಗರಿಕೆಯ ಗುಣವನ್ನು ತೈತ್ತಿರೀಯ ಆರಣ್ಯಕದ ಮಂತ್ರ ಇನ್ನೂ ಚೆನ್ನಾಗಿ ಹೇಳುತ್ತದೆ: 'ಕಾಂಡಾತ್ ಕಾಂಡಾತ್ ಪ್ರರೋಹಂತೀ', ಗೆಣ್ಣು ಗೆಣ್ಣಿನಿಂದಲೂ ಚಿಗುರುವವಳೇ ಎಂದು. ತೋಟದಲ್ಲಿ ಗರಿಕೆ ಕಿತ್ತವರಿಗೆ ಇದು ಗೊತ್ತು. ಒಂದು ಗೆಣ್ಣು ಮಣ್ಣಲ್ಲಿ ಉಳಿದರೂ ಮಳೆಗೆ ಮತ್ತೆ ಹಬ್ಬುತ್ತದೆ. ತುಳಿದರೂ ಮೇಯ್ದರೂ ಸಾಯದ ಹುಲ್ಲನ್ನು ಕೆಲಸ ಶುರುಮಾಡುವಾಗ ಕೈಯಲ್ಲಿ ಹಿಡಿಯುತ್ತೇವೆ. ಇಪ್ಪತ್ತೊಂದು ಸಿಗದಿದ್ದರೆ ಮೂರೆಸಳಿನ ಒಂದು ಕುಡಿಯೂ ಆಗುತ್ತದೆ.

'ಗಣಾನಾಂ ತ್ವಾ' ಮಂತ್ರ ನಿಜಕ್ಕೂ ಗಣಪತಿಯದೇ?

ಋಗ್ವೇದದ ಎರಡನೇ ಮಂಡಲದಲ್ಲಿ ಅದು ಬ್ರಹ್ಮಣಸ್ಪತಿಯನ್ನು ಕುರಿತ ಮಂತ್ರ. ಅಲ್ಲಿ ಆನೆಯ ಮುಖದ ಮಾತಿಲ್ಲ. 'ಗಣಪತಿ' ಎಂಬ ಪದವಿದೆ, ಮಂತ್ರಗಳ ಒಡೆಯನನ್ನು ಮೊದಲು ಕರೆಯುವ ಭಾವವಿದೆ. ನಂತರದ ಕಾಲ ಅದನ್ನು ನಮ್ಮ ಗಜಮುಖನಿಗೆ ಒಪ್ಪಿಸಿತು. 'ಶುಕ್ಲಾಂಬರಧರಂ ವಿಷ್ಣುಂ' ಶ್ಲೋಕದಲ್ಲೂ ಗಣಪತಿಯ ಹೆಸರಿಲ್ಲ. ಇದನ್ನು ತಿಳಿದರೆ ಭಕ್ತಿ ಕಡಿಮೆಯಾಗುತ್ತದೆ ಎಂದು ನನಗೆ ಅನ್ನಿಸಿಲ್ಲ. ಎಷ್ಟು ತಲೆಮಾರು ಆ ಮಾತುಗಳನ್ನು ಅವನಿಗೇ ಹೇಳಿಕೊಂಡು ಬಂದಿವೆ!

ಎಲ್ಲರೂ ಗಣಪತಿಯಿಂದಲೇ ಶುರುಮಾಡುತ್ತಾರೆಯೇ?

ಇಲ್ಲ. ಮೇಲುಕೋಟೆಯಂಥ ಶ್ರೀವೈಷ್ಣವ ಸಂಪ್ರದಾಯದಲ್ಲಿ ಮೊದಲ ಪೂಜೆ ವಿಷ್ವಕ್ಸೇನರಿಗೆ. ಅವರ ಶ್ಲೋಕದಲ್ಲಿ ಆನೆಮುಖದವರು ವಿಷ್ವಕ್ಸೇನರ ಪರಿವಾರದಲ್ಲಿದ್ದು ವಿಘ್ನಗಳನ್ನು ಕಳೆಯುತ್ತಾರೆ. ಮಾಧ್ವರು ಗಣಪತಿಯನ್ನು ಪೂಜಿಸುತ್ತಾರೆ, ಅವನೊಳಗಿನ ವಿಶ್ವಂಭರ ರೂಪದ ಹರಿಯನ್ನು ನೆನೆದು. ಮೊದಲಿಗೆ ವಿಘ್ನದ ಮಾತನ್ನು ಮುಗಿಸಿಕೊಳ್ಳಬೇಕು ಎಂಬುದರಲ್ಲಿ ಎಲ್ಲರೂ ಒಂದೇ.

ಪೂಜೆಯ ಹೊರಗೂ ಈ ರೂಢಿ ಇದೆಯೇ?

ಯಕ್ಷಗಾನದ ಚೌಕಿಗೆ ಒಮ್ಮೆ ಹೋಗಿ. ಬಣ್ಣದ ಪೆಟ್ಟಿಗೆಗಳ ನಡುವೆ ಗಣಪತಿಯ ಮುಂದೆ ದೀಪ, ವೇಷಧಾರಿಗಳು ಕೈಮುಗಿದು ನಿಂತಾಗ ಭಾಗವತರ 'ಗಜಮುಖದವಗೆ ಗಣಪಗೆ'. ಆಮೇಲೆಯೇ ರಂಗಸ್ಥಳ. ಸಂಗೀತ ಪಾಠದಲ್ಲಿ ಅಲಂಕಾರಗಳು ಮುಗಿದ ಮೇಲೆ ಮಕ್ಕಳು ಕಲಿಯುವ ಮೊದಲ ಗೀತೆ ಪುರಂದರದಾಸರ 'ಶ್ರೀ ಗಣನಾಥ', ಮಲಹರಿ ರಾಗದ್ದು. ಅವನ್ನು ಪಿಳ್ಳಾರಿ ಗೀತೆ ಎನ್ನುತ್ತೇವಲ್ಲ, ಆ ಪಿಳ್ಳಾರಿಯೂ ಗಣಪತಿಯೇ, ತಮಿಳಿನ ಪಿಳ್ಳೈಯಾರ್.

ಪೂಜೆ ಮಾಡಿದರೂ ವಿಘ್ನ ಬಂದರೆ?

ನಮಗೆ ಬಂದಿತ್ತು. ಮನೆ ಕಟ್ಟಲು ಗುದ್ದಲಿ ಪೂಜೆ ಮಾಡಿ, ಬೆನಕನನ್ನು ಈಶಾನ್ಯದ ಮೂಲೆಯಲ್ಲಿ ಕೂರಿಸಿ, ಪಾಯ ತೋಡಿದ ಮೂರನೇ ರಾತ್ರಿ ಮಳೆ ಹೊಡೆಯಿತು. ಬೆಳಿಗ್ಗೆ ನೋಡಿದರೆ ಪಾಯದ ಎರಡು ಬದಿ ಕುಸಿದು ನೀರು ನಿಂತಿತ್ತು. ಅಪ್ಪನಿಗೆ ಅಳುವೇ ಬಂತು. 'ಪೂಜೆಯಲ್ಲಿ ಏನು ತಪ್ಪಾಯಿತಮ್ಮಾ?' ಎಂದು ಅಜ್ಜಿಯನ್ನು ಕೇಳಿದರು. ಅಜ್ಜಿ ಉತ್ತರ ಹೇಳುವ ಮೊದಲು ಗಾರೆ ಮೇಸ್ತ್ರಿ ಕುಸಿದ ಜಾಗಕ್ಕಿಳಿದು ಕಾಲಲ್ಲಿ ಒತ್ತಿ ನೋಡಿದರು. ಅಲ್ಲಿ ಗಟ್ಟಿ ನೆಲವೇ ಇರಲಿಲ್ಲ, ಯಾವ ಕಾಲದಲ್ಲೋ ಮುಚ್ಚಿದ್ದ ಗೊಬ್ಬರದ ಗುಂಡಿ. ಮಳೆ ಬಾರದಿದ್ದರೆ ಅದರ ಮೇಲೆಯೇ ಗೋಡೆ ಏಳುತ್ತಿತ್ತು. 'ತಡೆದದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ಲ ಮಗಾ' ಎಂದಷ್ಟೇ ಹೇಳಿ ಅಜ್ಜಿ ಒಳಗೆ ಹೋದರು. ಗುಂಡಿಯನ್ನು ಪೂರ್ತಿ ತೋಡಿ, ಗಟ್ಟಿ ನೆಲ ಸಿಕ್ಕುವವರೆಗೆ ಇಳಿದು, ಕಲ್ಲು ತುಂಬಲು ಹದಿನೈದು ದಿನ ಹಿಡಿಯಿತು. ಹದಿನಾರನೆಯ ದಿನ ಬೆಳಿಗ್ಗೆ ಅಜ್ಜಿ ಮತ್ತೆ ಅರಿಶಿನದ ಡಬ್ಬಿ ತೆಗೆದು, ನೀರನ್ನು ಹನಿಹನಿಯಾಗಿ ಹಾಕುತ್ತ ಕೂತರು.